ಗ್ರಾಹಕರ ಉತ್ತರಕ್ಕೆ ಕಾಯುವ ಟಿಕೆಟ್: ತಾನಾಗಿ ಮುಚ್ಚುವ ನಾಲ್ಕು ಬಗೆಗಳಲ್ಲಿ ಯಾವುದನ್ನು ಆರಿಸಬೇಕು?

ಕಲಬುರಗಿಯಲ್ಲಿ ಬೇಳೆ ಮಿಲ್ಲುಗಳಿಗೂ ಅಡತಿ ಅಂಗಡಿಗಳಿಗೂ ಬಿಲ್ಲಿಂಗ್ ತಂತ್ರಾಂಶ ಕೊಡುವ ಒಂದು ಸಣ್ಣ ಕಂಪನಿಯ ಸಪೋರ್ಟ್ ಡೆಸ್ಕನ್ನು ನಾನು ನೋಡಿಕೊಳ್ಳುತ್ತೇನೆ. ನಮ್ಮ ಟಿಕೆಟ್ ಪಟ್ಟಿಯಲ್ಲಿ ಯಾವಾಗಲೂ ಹೆಚ್ಚು ಜಾಗ ಹಿಡಿದಿರುವುದು ನಾವು ಒಂದು ಪ್ರಶ್ನೆ ಕೇಳಿ ಗ್ರಾಹಕರ ಉತ್ತರಕ್ಕೆ ಕಾಯುತ್ತಿರುವ ಟಿಕೆಟ್‌ಗಳು. ಅವುಗಳನ್ನು ಹಾಗೆಯೇ ಬಿಟ್ಟರೆ ನಿಜವಾಗಿ ಕೆಲಸ ಬೇಡುವ ಟಿಕೆಟ್ ಕಣ್ಣಿಗೆ ಬೀಳುವುದಿಲ್ಲ. ಗಡುವು ಹಾಕಿ ಮುಚ್ಚಿದರೆ, ಉತ್ತರ ಕೊಡಬೇಕೆಂದಿದ್ದೂ ತಡವಾದವರು ಸಿಟ್ಟಾಗುತ್ತಾರೆ. ಈ ಎರಡರ ನಡುವೆ ಇರುವ ದಾರಿಗಳನ್ನು ಇಲ್ಲಿ ಹೋಲಿಸಿದ್ದೇನೆ. ಉದಾಹರಣೆಗಳಲ್ಲಿ ಹೆಚ್ಚಿನವು ಝೆಂಡೆಸ್ಕ್‌ನವು, ಏಕೆಂದರೆ ಸ್ಥಿತಿಗಳ ಹೆಸರು ಅದರಲ್ಲಿ ಸ್ಪಷ್ಟವಾಗಿವೆ. ಫ್ರೆಶ್‌ಡೆಸ್ಕ್, ಜಿರಾ, ಝಮ್ಮಾಡ್ ಬಳಸುವವರಿಗೂ ತರ್ಕ ಅದೇ.

ಮೊದಲು ಒಂದು ಟಿಕೆಟ್ಟಿನ ಕಥೆ ಹೇಳುತ್ತೇನೆ, ಹೋಲಿಕೆಯೆಲ್ಲ ಇದರ ಮೇಲೆಯೇ ನಡೆಯುತ್ತದೆ. ಒಂದು ಬೇಳೆ ಮಿಲ್ಲಿನ ಮುನೀಮರು, ತೂಕದ ಕಾಟಾದ ಅಂಕಿ ಬಿಲ್ಲಿನಲ್ಲಿ ಬರುತ್ತಿಲ್ಲವೆಂದು ದೂರು ಕೊಟ್ಟರು. ಗುರುವಾರ ಸಂಜೆ 4 ಗಂಟೆಗೆ ನಮ್ಮ ಹುಡುಗ, ಕಾಟಾದ ಕಂಪ್ಯೂಟರಿನಲ್ಲಿ ಡಿವೈಸ್ ಮ್ಯಾನೇಜರ್ ತೆರೆದು ಪೋರ್ಟ್ ಸಂಖ್ಯೆಯ ಫೋಟೋ ಕಳಿಸಿ ಎಂದು ಬರೆದು ಟಿಕೆಟ್ಟನ್ನು ಪೆಂಡಿಂಗ್ ಮಾಡಿದ. ಮುನೀಮರು ಕೂರುವುದು ಗಂಜ್‌ನ ಗದ್ದಿಯಲ್ಲಿ, ಕಾಟಾ ಇರುವುದು ಊರ ಹೊರಗಿನ ಮಿಲ್ಲಿನಲ್ಲಿ. ಅದು ಹೊಸ ತೊಗರಿ ಬರುವ ಜನವರಿ ತಿಂಗಳು. ಆಮೇಲೆ ಅವರೇ ಫೋನಿನಲ್ಲಿ ಹೇಳಿದಂತೆ, "ಮಾಲ್ ಇಳಿಲಾಕತ್ತದರಿ, ಕಾಟಾಕ್ಕ ಹೋಗಿ ಫೋಟೋ ತೆಗಿಲಾಕ ಪುರ್ಸತ್ ಎಲ್ಲಿಂದ ಬರಬೇಕ್ರಿ?" ನಮ್ಮ ನಿಯಮ ಆಗ 72 ಗಂಟೆಯದಾಗಿತ್ತು. ಭಾನುವಾರ ಸಂಜೆ 4ಕ್ಕೆ, ನಮ್ಮ ಆಫೀಸಿಗೇ ಬೀಗ ಹಾಕಿದ್ದ ಹೊತ್ತಿನಲ್ಲಿ, ಟಿಕೆಟ್ ಮುಚ್ಚಿಹೋಯಿತು. ಸೋಮವಾರ ಬೆಳಿಗ್ಗೆ ಅವರು ಫೋಟೋ ಕಳಿಸಿದಾಗ ಅದು ಹೊಸ ಸಂಖ್ಯೆಯ ಹೊಸ ಟಿಕೆಟ್ ಆಗಿ ಬೇರೆಯವರ ಕೈಗೆ ಹೋಯಿತು, ಆ ಬೇರೆಯವರು "ತಮ್ಮ ಸಮಸ್ಯೆ ಏನೆಂದು ವಿವರಿಸಿ" ಎಂದು ಕೇಳಿದರು. ಮುನೀಮರ ಮುಂದಿನ ಕರೆ ನಮ್ಮ ಮಾಲೀಕರಿಗೇ ಹೋಯಿತು.

ಈ ಕಥೆಯಲ್ಲಿ ಕೆರಳಿಸಿದ್ದು ಮೂರು ದಿನದ ಗಡುವು ಎಂದು ಆಗ ನಾನೂ ಭಾವಿಸಿ ಅದನ್ನು ಐದಕ್ಕೆ ಏರಿಸಬೇಕೆಂದಿದ್ದೆ. ಈಗ ಹಾಗೆ ಅನ್ನಿಸುವುದಿಲ್ಲ. ತಡವಾಗಿ ಬಂದ ಉತ್ತರ ಹಳೆಯ ಟಿಕೆಟ್ಟಿಗೇ ಸೇರಿ ಅದನ್ನು ತೆರೆದಿದ್ದರೆ, ಅದು ಮುಚ್ಚಿತ್ತೆಂಬುದೂ ಮುನೀಮರಿಗೆ ಗೊತ್ತಾಗುತ್ತಿರಲಿಲ್ಲ. ಆದ್ದರಿಂದ ಯಾವ ಬಗೆಯನ್ನು ಆರಿಸುವಾಗಲೂ ಮೊದಲು ನೋಡಬೇಕಾದದ್ದು ದಿನಗಳ ಲೆಕ್ಕವನ್ನಲ್ಲ, ಮುಚ್ಚಿದ ಮೇಲೆ ಬಂದ ಉತ್ತರ ಎಲ್ಲಿಗೆ ಹೋಗುತ್ತದೆ ಎಂಬುದನ್ನು.

ಮೊದಲನೆಯ ಬಗೆ: ಕೈಯಾರೆ ನೋಡಿ ಮುಚ್ಚುವುದು

ಕಾಯುತ್ತಿರುವ ಟಿಕೆಟ್‌ಗಳು ಮೂವತ್ತು ನಲವತ್ತರೊಳಗೆ ಇದ್ದರೆ ಯಾವ ನಿಯಮವೂ ಬೇಡ. ಶನಿವಾರ ಮಧ್ಯಾಹ್ನ ಒಬ್ಬರು ಕುಳಿತು ಹಳೆಯದರಿಂದ ಆರಂಭಿಸಿ ನೋಡುತ್ತ ಬಂದರೆ ಸಾಕು. ಯಾರಿಗೆ ಫೋನ್ ಮಾಡಬೇಕು, ಯಾರನ್ನು ಬಿಡಬೇಕು ಎಂಬುದು ಗ್ರಾಹಕರನ್ನು ಬಲ್ಲವರಿಗೆ ತಿಳಿದೇ ಇರುತ್ತದೆ. ಒಂದೆರಡು ವಾರ ಆ ಶನಿವಾರ ತಪ್ಪಿತೆಂದರೆ ಪಟ್ಟಿ ಬೆಳೆದು, ಬೇಸತ್ತವರು ಒಮ್ಮೆಗೇ ನೂರು ಟಿಕೆಟ್ ಆರಿಸಿ ಮುಚ್ಚಿಬಿಡುತ್ತಾರೆ. ಅಲ್ಲಿಗೆ ಈ ಬಗೆಯ ಆಯುಷ್ಯ ಮುಗಿಯಿತು.

ಎರಡನೆಯದು: ಒಂದೇ ಗಡುವು, ನೇರ ಮುಕ್ತಾಯ

ನಮ್ಮ 72 ಗಂಟೆಯ ನಿಯಮ ಈ ಜಾತಿಯದು. ಝೆಂಡೆಸ್ಕ್‌ನಲ್ಲಿ ಸಾಲ್ವ್ಡ್ ಮತ್ತು ಕ್ಲೋಸ್ಡ್ ಎಂಬುವು ಬೇರೆ ಬೇರೆ ಸ್ಥಿತಿಗಳು, ಹೊಸಬರು ಇವೆರಡನ್ನೂ ಒಂದೇ ಎಂದುಕೊಳ್ಳುತ್ತಾರೆ. ಸಾಲ್ವ್ಡ್ ಆದ ಟಿಕೆಟ್ಟಿಗೆ ಗ್ರಾಹಕರು ಉತ್ತರಿಸಿದರೆ ಅದು ಮತ್ತೆ ಓಪನ್ ಆಗುತ್ತದೆ, ಹಳೆಯ ಮಾತುಕತೆಯೆಲ್ಲ ಅದರಲ್ಲೇ ಇರುತ್ತದೆ. ಕ್ಲೋಸ್ಡ್ ಆದದ್ದನ್ನು ಯಾರೂ ತೆರೆಯಲಾರರು. ಅದಕ್ಕೆ ಬಂದ ಉತ್ತರ ಹಿಂದಿನದಕ್ಕೆ ಕೊಂಡಿಯಿರುವ ಹೊಸ ಟಿಕೆಟ್ ಆಗುತ್ತದೆ. ಅಲ್ಲಿ ಮೊದಲೇ ಸಿದ್ಧವಾಗಿ ಬರುವ ನಿಯಮವೊಂದು ಸಾಲ್ವ್ಡ್ ಆದ 4 ದಿನಕ್ಕೆ ಟಿಕೆಟ್ಟನ್ನು ಕ್ಲೋಸ್ಡ್ ಮಾಡುತ್ತದೆ. ಅದನ್ನು ತಿದ್ದಿ ಹೆಚ್ಚೆಂದರೆ 28 ದಿನದವರೆಗೆ ಒಯ್ಯಬಹುದು, ಅದರಾಚೆಗೆ ವ್ಯವಸ್ಥೆಯೇ ಮುಚ್ಚುತ್ತದೆ. ಪೆಂಡಿಂಗ್‌ನ ಗಡುವಿನ ಬಗ್ಗೆ ವಾದ ಮಾಡುವ ಬಹಳಷ್ಟು ಡೆಸ್ಕುಗಳು ಈ 4 ದಿನವನ್ನು ಮುಟ್ಟಿಯೇ ಇರುವುದಿಲ್ಲ.

ಝಮ್ಮಾಡ್‌ನಲ್ಲಿ ಇದೇ ನಿರ್ಧಾರ ಗ್ರೂಪಿನ ಸೆಟ್ಟಿಂಗಿನಲ್ಲಿದೆ: ಮುಚ್ಚಿದ ಟಿಕೆಟ್ಟಿಗೆ ಉತ್ತರ ಬಂದರೆ ಹಳೆಯದನ್ನೇ ತೆರೆಯಬೇಕೋ, ಹೊಸದು ಮಾಡಬೇಕೋ ಎಂದು ಅಲ್ಲಿ ಆರಿಸಬೇಕು.

ನೇರ ಮುಕ್ತಾಯಕ್ಕೆ ಒಂದೇ ಒಂದು ಸರಿಯಾದ ಜಾಗವಿದೆ. ನಾವು ಕೆಲಸ ಮುಗಿಸಿ, ಗ್ರಾಹಕರೂ ಸರಿಹೋಯಿತೆಂದು ಹೇಳಿದ ಮೇಲೆ ಬಹುಕಾಲ ಕಳೆದ ಟಿಕೆಟ್‌ಗಳಿಗೆ ಅದು ಸಲ್ಲುತ್ತದೆ. ಇನ್ನೂ ಉತ್ತರ ಬಾಕಿಯಿರುವವಕ್ಕೆ ಸಲ್ಲದು.

ಮೂರನೆಯದು: ಎರಡು ನೆನಪೋಲೆ, ಬಳಿಕ ಮತ್ತೆ ತೆರೆಯಬಹುದಾದ ಮುಕ್ತಾಯ

ಈಗ ನಾವು ಬಳಸುವುದು ಇದನ್ನೇ. ಕೆಲವು ದಿನ ಕಾದು ಒಂದು ನೆನಪೋಲೆ, ಇನ್ನೂ ಕೆಲವು ದಿನ ಬಿಟ್ಟು ಎರಡನೆಯದು, ಆಮೇಲೆ ಸಾಲ್ವ್ಡ್. ಕ್ಲೋಸ್ಡ್ ಆಗುವುದು ಅಲ್ಲಿಂದ 28 ದಿನಕ್ಕೆ. ಕೇಳಲು ಸುಲಭ, ಕಟ್ಟುವಾಗ ಗಡಿಯಾರದ ಲೆಕ್ಕದಲ್ಲೇ ಹೆಚ್ಚು ಜನ ಎಡವುತ್ತಾರೆ, ನಾವೂ ಎಡವಿದೆವು.

ಭಾನುವಾರ ಮುಚ್ಚಿದ ಪ್ರಸಂಗ ಆದ ಮೇಲೆ ನಾವು ನಿಯಮವನ್ನು ಕ್ಯಾಲೆಂಡರ್ ಗಂಟೆಯಿಂದ ಕೆಲಸದ ಗಂಟೆಗೆ ಬದಲಿಸಿದೆವು, 72 ಎಂಬ ಅಂಕಿಯನ್ನು ಮಾತ್ರ ಹಾಗೆಯೇ ಬಿಟ್ಟೆವು. ನಮ್ಮ ಆಫೀಸು ಸೋಮವಾರದಿಂದ ಶನಿವಾರದವರೆಗೆ ಬೆಳಿಗ್ಗೆ 10ರಿಂದ ಸಂಜೆ 6, ಅಂದರೆ ದಿನಕ್ಕೆ 8 ಗಂಟೆ. 72 ಕೆಲಸದ ಗಂಟೆ ಎಂದರೆ 9 ಕೆಲಸದ ದಿನ. ಗುರುವಾರ 4 ಗಂಟೆಗೆ ಕೇಳಿದ ಪ್ರಶ್ನೆಗೆ ನೆನಪೋಲೆ ಹೋಗುತ್ತಿದ್ದುದು ಹನ್ನೊಂದನೆಯ ದಿನ, ಮುಂದಿನದಕ್ಕೂ ಮುಂದಿನ ಸೋಮವಾರ. ಮೂರು ಕೆಲಸದ ದಿನ ಬೇಕಾದರೆ ಬರೆಯಬೇಕಾದದ್ದು 24. ಗುರುವಾರದ 2 ಗಂಟೆ, ಶುಕ್ರವಾರ ಶನಿವಾರದ 16, ಸೋಮವಾರದ 6 ಸೇರಿ ಸೋಮವಾರ ಸಂಜೆ 4ಕ್ಕೆ ಅದು ತುಂಬುತ್ತದೆ.

ಈಗ ನಮ್ಮಲ್ಲಿರುವ ಮೆಟ್ಟಿಲುಗಳು 24, 56 ಮತ್ತು 96 ಕೆಲಸದ ಗಂಟೆ. ಅದೇ ಗುರುವಾರದಿಂದ ಎಣಿಸಿದರೆ ಮೊದಲ ನೆನಪೋಲೆ ಸೋಮವಾರ, ಎರಡನೆಯದು ಆ ವಾರದ ಶುಕ್ರವಾರ, ಮುಕ್ತಾಯ ಅದರಾಚೆಯ ಗುರುವಾರ. ಒಟ್ಟು ಸರಿಯಾಗಿ ಎರಡು ವಾರ. ಎರಡನೆಯ ನೆನಪೋಲೆಯ ನಂತರದ ಅಂತರವನ್ನೇ ಎಲ್ಲಕ್ಕಿಂತ ದೊಡ್ಡದಾಗಿ ಇಟ್ಟಿದ್ದೇವೆ, ಏಕೆಂದರೆ ಮುಚ್ಚುತ್ತೇವೆಂದು ಹೇಳಿದ ಮೇಲೆ ಮಿಲ್ಲಿಗೆ ಹೋಗಿಬರಲು ಮನುಷ್ಯನಿಗೆ ಕನಿಷ್ಠ ಐದು ಕೆಲಸದ ದಿನಗಳ ಬಿಡುವು ಬೇಕು. ವೇಳಾಪಟ್ಟಿಯಲ್ಲಿ ರಜೆಗಳನ್ನೂ ತುಂಬಬೇಕು. ಸರ್ಕಾರಿ ರಜೆಯ ಪಟ್ಟಿಯ ಜೊತೆಗೆ ಶರಣಬಸವೇಶ್ವರ ಜಾತ್ರೆಯ ತೇರಿನ ದಿನವನ್ನೂ ನಾವು ಸೇರಿಸಿದ್ದೇವೆ. ಆ ದಿನ ಫೋಟೋ ಕೇಳಿ ನೆನಪೋಲೆ ಕಳಿಸುವವರಿಗೆ ಈ ಊರು ಗೊತ್ತಿಲ್ಲವೆಂದೇ ಅರ್ಥ.

ನಿಯಮದ ಎರಡು ತಾಂತ್ರಿಕ ತೊಡಕುಗಳನ್ನು ಬಿಡಿಸಿ ಹೇಳುವುದು ಅಗತ್ಯ. ಇಂಥ ನಿಯಮಗಳು ಗಂಟೆಗೊಮ್ಮೆ ಓಡುತ್ತವೆ, ಓಡಿದಾಗಲೆಲ್ಲ ಷರತ್ತು ಹೊಂದುವ ಟಿಕೆಟ್‌ಗಳಿಗೆ ಮೇಲ್ ಕಳಿಸುತ್ತವೆ. ಕೆಲಸದ ಗಂಟೆಯ ಎಣಿಕೆ ಸಂಜೆ 6ಕ್ಕೆ ನಿಂತು ಮರುದಿನ 10ಕ್ಕೆ ಮುಂದುವರಿಯುತ್ತದೆ. ಎಣಿಕೆ 24ರಲ್ಲಿ ನಿಂತಾಗ ಷರತ್ತು "24ಕ್ಕೆ ಸಮ" ಎಂದಿದ್ದರೆ ರಾತ್ರಿಯಿಡೀ ಗಂಟೆಗೊಂದು ಮೇಲ್ ಹೋಗುತ್ತಲೇ ಇರುತ್ತದೆ. ಆದ್ದರಿಂದ ನೆನಪೋಲೆ ಕಳಿಸುವ ನಿಯಮವೇ ಟಿಕೆಟ್ಟಿಗೆ `reminder_1` ಎಂಬಂಥ ಟ್ಯಾಗನ್ನು ಅಂಟಿಸಬೇಕು, ಆ ಟ್ಯಾಗ್ ಇದ್ದರೆ ಮತ್ತೆ ಓಡಬಾರದೆಂಬ ಷರತ್ತೂ ಅದರಲ್ಲಿರಬೇಕು. ಷರತ್ತನ್ನು "24ಕ್ಕಿಂತ ಹೆಚ್ಚು" ಎಂದು ಬರೆದರೆ ಒಂದು ಸುತ್ತು ತಪ್ಪಿದರೂ ಮುಂದಿನ ಸುತ್ತಿನಲ್ಲಿ ಹಿಡಿಯುತ್ತದೆ.

ಎರಡನೆಯ ತೊಡಕು ಇದಕ್ಕಿಂತ ಸೂಕ್ಷ್ಮ, ಇದನ್ನು ಹಿಡಿಯಲು ನಮಗೆ ತಿಂಗಳುಗಳೇ ಬೇಕಾದವು. ಗ್ರಾಹಕರು ಉತ್ತರಿಸಿದಾಗ ಆ ಟ್ಯಾಗ್‌ಗಳನ್ನು ತೆಗೆದುಹಾಕುವ ಒಂದು ಟ್ರಿಗರ್ ಇರಲೇಬೇಕು. ಇಲ್ಲದಿದ್ದರೆ, ಎರಡು ನೆನಪೋಲೆ ಪಡೆದು ಉತ್ತರ ಕೊಟ್ಟ ಗ್ರಾಹಕರಿಗೆ ನಾವು ಇನ್ನೊಂದು ಪ್ರಶ್ನೆ ಕೇಳಿದಾಗ ಟ್ಯಾಗ್‌ಗಳು ಹಾಗೆಯೇ ಉಳಿದಿರುತ್ತವೆ. ನೆನಪೋಲೆಯ ನಿಯಮಗಳು ಇವರಿಗೆ ಕಳಿಸಿಯಾಗಿದೆಯೆಂದು ಸುಮ್ಮನಿರುತ್ತವೆ, ಮುಚ್ಚುವ ನಿಯಮ ಮಾತ್ರ ತನ್ನ ಸಮಯಕ್ಕೆ ಬಂದು ಒಂದು ಮಾತೂ ಹೇಳದೆ ಮುಚ್ಚುತ್ತದೆ. ನಿಧಾನವಾಗಿಯಾದರೂ ತಪ್ಪದೆ ಉತ್ತರಿಸುವವರೇ ಇದಕ್ಕೆ ಬಲಿಯಾಗುವುದು.

ಜಿರಾ ಬಳಸುವವರು ಯಾವ ಗಡಿಯಾರವನ್ನು ನೋಡುತ್ತಿದ್ದೇವೆಂದು ಇನ್ನಷ್ಟು ಎಚ್ಚರಿಕೆಯಿಂದ ನೋಡಬೇಕು. `updated` ಕ್ಷೇತ್ರವನ್ನು ನೆಚ್ಚಿದರೆ ನಮ್ಮದೇ ನೆನಪೋಲೆಯ ಕಮೆಂಟು ಅದನ್ನು ಸೊನ್ನೆಗೆ ತರುತ್ತದೆ, ಟಿಕೆಟ್ ಮುಚ್ಚುವುದೇ ಇಲ್ಲ. ಸ್ಥಿತಿ ಬದಲಾದ ಹೊತ್ತನ್ನು ಕೇಳುವುದು ಮೇಲು:

```
status = "Waiting for customer" AND NOT status CHANGED AFTER -14d
```

ಇಲ್ಲಿ 14 ಎಂಬುದು ಕ್ಯಾಲೆಂಡರ್ ದಿನ, ಭಾನುವಾರವೂ ಅದರಲ್ಲಿ ಸೇರಿದೆ.

ಇನ್ನು ನೆನಪೋಲೆಯ ಒಕ್ಕಣೆ. "ತಮ್ಮ ಟಿಕೆಟ್ ತಮ್ಮ ಪ್ರತಿಕ್ರಿಯೆಗಾಗಿ ಕಾಯುತ್ತಿದೆ" ಎಂಬ ಒಂದು ಸಾಲು ಯಾರಿಗೂ ನೆರವಾಗುವುದಿಲ್ಲ, ಏಕೆಂದರೆ ಏನು ಕೇಳಿದ್ದರೆಂದು ಹುಡುಕಲು ಮುನೀಮರು ಹಳೆಯ ಮೇಲ್ ತೆಗೆಯಬೇಕು. ಮೊದಲ ನೆನಪೋಲೆಯಲ್ಲಿ ಕೇಳಿದ ಪ್ರಶ್ನೆಯೇ ಮತ್ತೆ ಇರಬೇಕು, ಮುಚ್ಚುವ ಮಾತು ಇರಬಾರದು. ನಮ್ಮದು ಹೀಗಿದೆ: "ನಮಸ್ಕಾರ ಸರ್, ಕಾಟಾದ ಕಂಪ್ಯೂಟರಿನ ಪೋರ್ಟ್ ಸಂಖ್ಯೆಯ ಫೋಟೋ ಇನ್ನೂ ಬಂದಿಲ್ಲ. ಫೋಟೋ ಕಷ್ಟವಾದರೆ COM ಅಕ್ಷರಗಳ ಮುಂದಿರುವ ಅಂಕಿಯನ್ನಷ್ಟೇ ಬರೆದು ಕಳಿಸಿದರೂ ಸಾಕು. ಈಗ ಬಿಡುವಿಲ್ಲದಿದ್ದರೆ ಯಾವ ದಿನ ಆಗಬಹುದೆಂದು ತಿಳಿಸಿ." ಎರಡನೆಯದರಲ್ಲಿ ಮುಚ್ಚುವ ದಿನವನ್ನು ವಾರದ ಹೆಸರಿನೊಂದಿಗೆ ಹೇಳಿ, "ಆಮೇಲೆ ಉತ್ತರಿಸಿದರೂ ಇದೇ ಟಿಕೆಟ್ ತೆರೆಯುತ್ತದೆ, ಹೊಸದಾಗಿ ದೂರು ಕೊಡಬೇಕಾಗಿಲ್ಲ" ಎಂದು ಸೇರಿಸುತ್ತೇವೆ. ತಡವಾದವರ ಅಂಜಿಕೆ ಅಥವಾ ಸಿಟ್ಟು ಇಳಿಯುವುದು ಆ ಕೊನೆಯ ಮಾತಿನಿಂದ. ಪ್ರಶ್ನೆ ಮತ್ತೆ ಬರಬೇಕಾದರೆ ಏಜೆಂಟರು ಪೆಂಡಿಂಗ್ ಮಾಡುವಾಗಲೇ ಅದನ್ನು ಒಂದು ಪ್ರತ್ಯೇಕ ಕ್ಷೇತ್ರದಲ್ಲಿ ಒಂದು ಸಾಲಿನಲ್ಲಿ ಬರೆಯಬೇಕಾಗುತ್ತದೆ. ಆರಂಭದಲ್ಲಿ ನಮ್ಮ ಹುಡುಗರು ಗೊಣಗಿದರು. ಆದರೆ ಒಂದು ಸಾಲಿನಲ್ಲಿ ಬರೆಯಲಾಗದಿದ್ದರೆ ತಾವು ಮೂರು ಪ್ರಶ್ನೆ ಒಟ್ಟಿಗೆ ಕೇಳಿದ್ದೇವೆಂದು ಅವರಿಗೇ ತಿಳಿಯತೊಡಗಿತು.

ಮೇಲ್ ಹೋಗುವ ಹೊತ್ತೂ ಮುಖ್ಯ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಕಲಬುರಗಿ ವಿಭಾಗದ ಸರ್ಕಾರಿ ಕಚೇರಿಗಳು ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ರವರೆಗೆ ನಡೆಯುತ್ತವೆ. ಅಂಥ ಗ್ರಾಹಕರಿಗೆ ಸಂಜೆ 4ಕ್ಕೆ ಹೋದ ನೆನಪೋಲೆ ಮರುದಿನದ ಮೇಲ್‌ಗಳ ಅಡಿಯಲ್ಲಿ ಹೂತುಹೋಗುತ್ತದೆ. ವಾಟ್ಸಾಪ್ ಮೂಲಕ ಟಿಕೆಟ್ ಪಡೆಯುವವರಿಗೆ ಇನ್ನೊಂದು ಮಿತಿ ಇದೆ: ವಾಟ್ಸಾಪ್ ಬಿಸಿನೆಸ್‌ನ ವ್ಯವಸ್ಥೆಯಲ್ಲಿ ಗ್ರಾಹಕರ ಕೊನೆಯ ಸಂದೇಶದಿಂದ 24 ಗಂಟೆ ಕಳೆದ ಮೇಲೆ ಮುಂಚೆಯೇ ಒಪ್ಪಿಗೆ ಪಡೆದ ಟೆಂಪ್ಲೇಟನ್ನು ಮಾತ್ರ ಕಳಿಸಬಹುದು. ಮೂರನೆಯ ದಿನದ ನೆನಪೋಲೆ ಯಾವಾಗಲೂ ಆ ಗಡಿಯ ಆಚೆಗೇ ಬೀಳುವುದರಿಂದ ಎರಡೂ ಒಕ್ಕಣೆಗಳಿಗೆ ಮೊದಲೇ ಒಪ್ಪಿಗೆ ಪಡೆದಿಡಬೇಕು.

ಈ ಬಗೆಗೆ ತೆರಬೇಕಾದ ಬೆಲೆಯೂ ಇದೆ. ಮುಚ್ಚಿದ ಟಿಕೆಟ್ಟಿಗೆ "ಸರಿ ಸರ್, ಥ್ಯಾಂಕ್ಸ್" ಎಂದು ಬಂದರೂ ಅದು ತೆರೆದುಕೊಳ್ಳುತ್ತದೆ, ಯಾರಾದರೂ ಮತ್ತೆ ಮುಚ್ಚಬೇಕು. ದಿನಕ್ಕೆ ಹತ್ತಾರು ಬಂದರೂ ಅದು ಕೆಲವೇ ನಿಮಿಷಗಳ ಕೆಲಸ, ಅದಕ್ಕೆ ಹೆದರಿ ನೇರ ಮುಕ್ತಾಯಕ್ಕೆ ಹೋಗುವುದು ನನಗೆ ಒಪ್ಪಿಗೆಯಿಲ್ಲ.

ನಾಲ್ಕನೆಯದು: ಗ್ರಾಹಕರೇ ಹೇಳಿದ ದಿನ

"ತೊಗರಿ ಸೀಸನ್ ಮುಗಿದ ಮೇಲೆ ನೋಡೋಣ" ಎಂದವರಿಗೆ ಮೆಟ್ಟಿಲುಗಳ ನೆನಪೋಲೆ ಕಳಿಸುವುದು ಅವರ ಮಾತನ್ನು ಓದಿಲ್ಲವೆಂದು ತೋರಿಸಿದಂತೆ. ಝಮ್ಮಾಡ್‌ನಲ್ಲಿ ಇದಕ್ಕೆಂದೇ `pending reminder` ಮತ್ತು `pending close` ಎಂಬ ಎರಡು ಸ್ಥಿತಿಗಳಿವೆ. ಎರಡಕ್ಕೂ ದಿನ ಕೊಡಬೇಕು. ಮೊದಲನೆಯದು ಆ ದಿನ ಏಜೆಂಟರಿಗೆ ನೆನಪಿಸುತ್ತದೆ, ಎರಡನೆಯದು ತಾನಾಗಿ ಮುಚ್ಚುತ್ತದೆ. ಹಳೆಯ ಓಟಿಆರ್‌ಎಸ್ ಬಳಸುವವರು `pending auto close+` ಎಂಬ ಸ್ಥಿತಿಯನ್ನು ಕಂಡಿರುತ್ತಾರೆ, ಅದೂ ದಿನ ನೋಡಿ ಮುಚ್ಚುವುದೇ. ದಿನ ಹೇಳಿದ ಗ್ರಾಹಕರಿಗೆ ನಾನು ಆರಿಸುವುದು ನೆನಪಿಸುವ ಸ್ಥಿತಿಯನ್ನು. ಅವರು ಮಾತು ಕೊಟ್ಟ ದಿನ ಅವರಿಗೆ ಹೋಗಬೇಕಾದದ್ದು ಮನುಷ್ಯರ ಫೋನ್, ಮುಕ್ತಾಯದ ಮೇಲ್ ಅಲ್ಲ. ಆದರೆ ಎಲ್ಲ ಟಿಕೆಟ್‌ಗಳಿಗೂ ಹೀಗೆ ದಿನ ಹಾಕಲು ಹೊರಟರೆ ಏಜೆಂಟರು ಕೈಗೆ ಬಂದ ದಿನವನ್ನು ಒತ್ತಿಬಿಡುತ್ತಾರೆ, ಪಟ್ಟಿ ಮತ್ತೆ ಮೊದಲಿನಂತಾಗುತ್ತದೆ. ಇದು ಮೂರನೆಯ ಬಗೆಯ ಪಕ್ಕದಲ್ಲಿ ಇರತಕ್ಕದ್ದು, ಅದರ ಜಾಗದಲ್ಲಲ್ಲ.

ಯಾವುದನ್ನು ಆರಿಸಿದರೂ ಹೊರಗಿಡಬೇಕಾದ ಟಿಕೆಟ್‌ಗಳು

ಕಾಯುವ ಸ್ಥಿತಿಯಲ್ಲಿರುವ ಟಿಕೆಟ್‌ಗಳಲ್ಲಿ ಕೆಲವು ನಿಜವಾಗಿ ಗ್ರಾಹಕರಿಗೆ ಕಾಯುತ್ತಿರುವುದೇ ಇಲ್ಲ. "ನೋಡಿ ತಿಳಿಸುತ್ತೇವೆ" ಎಂದು ಬರೆದು ಪೆಂಡಿಂಗ್ ಒತ್ತುವ ಅಭ್ಯಾಸ ಬಹಳ ಕಡೆ ಇದೆ, ಏಕೆಂದರೆ ಆಗ ಏಜೆಂಟರ ಗಡಿಯಾರ ನಿಲ್ಲುತ್ತದೆ. ಅಲ್ಲಿ ಗ್ರಾಹಕರು ನಮಗೆ ಕಾಯುತ್ತಿರುತ್ತಾರೆ, ವ್ಯವಸ್ಥೆ ಅವರಿಗೇ ನೆನಪೋಲೆ ಕಳಿಸಿ ಕೊನೆಗೆ ಮುಚ್ಚುತ್ತದೆ. ಇದಕ್ಕಿಂತ ಕೆರಳಿಸುವುದು ಇನ್ನೊಂದಿಲ್ಲ. ನಿಯಮ ಚಾಲೂ ಮಾಡುವ ಮುನ್ನ ಪೆಂಡಿಂಗ್‌ನಲ್ಲಿರುವ ಐವತ್ತು ಟಿಕೆಟ್‌ಗಳ ಕೊನೆಯ ಸಂದೇಶವನ್ನು ಓದಿ, ಅದರಲ್ಲಿ ಗ್ರಾಹಕರು ಉತ್ತರಿಸಬಹುದಾದ ಪ್ರಶ್ನೆ ಇದೆಯೇ ಎಂದು ನೋಡಬೇಕು. ಮೂರನೆಯವರಿಗೆ ಕಾಯುವುದಕ್ಕೆ ಆನ್-ಹೋಲ್ಡ್ ಇದೆ, ನಾವೇ ಮಾಡಬೇಕಾದ ಕೆಲಸ ಓಪನ್‌ನಲ್ಲೇ ಇರಬೇಕು. ಪ್ರಶ್ನೆಯ ಕ್ಷೇತ್ರ ಖಾಲಿಯಿರುವ ಟಿಕೆಟ್ಟನ್ನು ಮುಚ್ಚುವ ನಿಯಮ ಮುಟ್ಟಲೇಬಾರದೆಂದು ನಾವು ಷರತ್ತು ಹಾಕಿದ್ದೇವೆ.

ಏಜೆಂಟರ ಸ್ವಂತ ಫೋನಿಗೆ ಫೋಟೋ ಕಳಿಸಿ ತಮ್ಮ ಪಾಲಿನ ಕೆಲಸ ಮುಗಿಯಿತೆಂದುಕೊಳ್ಳುವ ಗ್ರಾಹಕರೂ ಇಲ್ಲಿ ಬಹಳ. ಟಿಕೆಟ್ಟಿಗೆ ಅದು ಗೊತ್ತಿಲ್ಲ. ಬಂದ ಕೂಡಲೇ ಅದನ್ನು ಟಿಕೆಟ್ಟಿಗೆ ಏರಿಸಿ ಓಪನ್ ಮಾಡುವುದಲ್ಲದೆ ಇದಕ್ಕೆ ಬೇರೆ ಉಪಾಯವಿಲ್ಲ.

ತಾನಾಗಿ ಮುಚ್ಚಿದ ಟಿಕೆಟ್‌ಗಳಿಗೆ `auto_solved` ಎಂಬ ಟ್ಯಾಗ್ ಹಾಕಿ, ತೃಪ್ತಿ ಸಮೀಕ್ಷೆಯಿಂದ ಅವನ್ನು ಹೊರಗಿಡಿ. ಝೆಂಡೆಸ್ಕ್‌ನ ಸಿದ್ಧ ನಿಯಮ ಸಾಲ್ವ್ಡ್ ಆದ 24 ಗಂಟೆಗೆ ಸೇವೆ ಹೇಗಿತ್ತೆಂದು ಕೇಳುವ ಮೇಲ್ ಕಳಿಸುತ್ತದೆ. ಪರಿಹಾರವೇ ಸಿಗದವರಿಗೆ ಆ ಪ್ರಶ್ನೆ ಹೋದರೆ ಬರುವ ಉತ್ತರವನ್ನು ನಾನಿಲ್ಲಿ ಬರೆಯಲಾರೆ.

ಅದೇ ಟ್ಯಾಗ್ ಅಳೆಯುವುದಕ್ಕೂ ಬೇಕು. ತಾನಾಗಿ ಮುಚ್ಚಿದವುಗಳಲ್ಲಿ ಎಷ್ಟು ಮತ್ತೆ ತೆರೆದುಕೊಂಡವು ಎಂದು ತಿಂಗಳಿಗೊಮ್ಮೆ ನೋಡಬೇಕು, ಹಾಗೆ ತೆರೆದವುಗಳಲ್ಲಿ ಇಪ್ಪತ್ತನ್ನಾದರೂ ಕುಳಿತು ಓದಬೇಕು. ಬಹುಪಾಲು ಮುಕ್ತಾಯದ ಮರುದಿನವೇ ತೆರೆದಿದ್ದರೆ ಎರಡನೆಯ ನೆನಪೋಲೆ ಅವರಿಗೆ ಕಂಡಿಲ್ಲ ಅಥವಾ ಅಂತರ ಸಾಲದು ಎಂದರ್ಥ. ನೇರ ಮುಕ್ತಾಯದ ಡೆಸ್ಕುಗಳಲ್ಲಿ ಈ ಅಂಕಿ ಯಾವಾಗಲೂ ಸೊನ್ನೆ ಇರುತ್ತದೆ, ತೆರೆಯಲು ಬಾಗಿಲೇ ಇಲ್ಲದ್ದರಿಂದ. ಅಲ್ಲಿ ಅದೇ ಗ್ರಾಹಕರು ಒಂದೆರಡು ವಾರದೊಳಗೆ ಕೊಟ್ಟ ಹೊಸ ಟಿಕೆಟ್‌ಗಳನ್ನು ಎಣಿಸಬೇಕು. ನಮ್ಮ 72 ಗಂಟೆಯ ಕಾಲದ ವರದಿ ನೋಡಿ ನಾವು ಖುಷಿಪಟ್ಟದ್ದು ಆ ಸೊನ್ನೆಯನ್ನು ನಂಬಿ.

ಮುಂದಿನ ಜನವರಿಯಲ್ಲಿ ಅದೇ ಮುನೀಮರ ಕಾಟಾ ಮತ್ತೆ ಕೈಕೊಟ್ಟಿತು. ಮೊದಲ ನೆನಪೋಲೆಗೆ ಉತ್ತರವಿಲ್ಲ, ಎರಡನೆಯದಕ್ಕೂ ಇಲ್ಲ. ಟಿಕೆಟ್ ಗುರುವಾರ ಸಾಲ್ವ್ಡ್ ಆಯಿತು. ಮರುದಿನ ರಾತ್ರಿ ಒಂಬತ್ತರ ಹೊತ್ತಿಗೆ ಮೇಲ್ ಬಂತು, ಫೋಟೋ ಇಲ್ಲ, ಬರೀ `COM4` ಎಂದು. ತಂತ್ರಾಂಶದಲ್ಲಿ `COM3` ಇತ್ತು. ಯುಎಸ್‌ಬಿ ಕೇಬಲ್ಲನ್ನು ಯಾರೋ ಪಕ್ಕದ ಕಿಂಡಿಗೆ ಚುಚ್ಚಿದ್ದರು. ಶನಿವಾರ ಬೆಳಿಗ್ಗೆ ಹಳೆಯ ಟಿಕೆಟ್ಟಿನಲ್ಲೇ, ಹಳೆಯ ಹುಡುಗನೇ ಅಂಕಿ ಬದಲಿಸಿಕೊಟ್ಟ.